ಮನೆಯ ಹಳೆಯ ಮೈಸೂರು ಚಿತ್ರ ಮಾರಾಟಕ್ಕಿಡುವ ಮುನ್ನ: ವಿವರ ಬರೆಯುವುದು ಹೇಗೆ?

ಹಳೆಯ ಮನೆ ಪಾಲಾಗುವಾಗ ನಡುಮನೆಯ ಗೋಡೆಯಿಂದ ಒಂದು ಚಿತ್ರ ಕೆಳಗಿಳಿಯುತ್ತದೆ. ಶ್ರೀರಾಮ ಪಟ್ಟಾಭಿಷೇಕ, ಚಿನ್ನದ ಹಾಳೆಯ ಕೆಲಸ, ಕಪ್ಪಾದ ಮರದ ಚೌಕಟ್ಟು. ಇಟ್ಟುಕೊಳ್ಳಲು ಯಾರ ಮನೆಯಲ್ಲೂ ಗೋಡೆ ಇಲ್ಲ, ಎಸೆಯಲು ಮನಸ್ಸಿಲ್ಲ. ಕೊನೆಗೆ ಒಬ್ಬರು ಮೊಬೈಲಿನಲ್ಲಿ ಫೋಟೊ ಹೊಡೆದು ಜಾಹೀರಾತು ಹಾಕುತ್ತಾರೆ: ‘150 ವರ್ಷದ ಅಪರೂಪದ ಆಂಟಿಕ್ ಮೈಸೂರು ಪೇಂಟಿಂಗ್. ಗುಡ್ ಕಂಡೀಷನ್. ಬೆಲೆಗೆ ಮೆಸೇಜ್ ಮಾಡಿ.’

ಚಿತ್ರಗಳನ್ನು ಬಲ್ಲವರು ಈ ಸಾಲುಗಳನ್ನು ನೋಡಿದ ಕೂಡಲೇ ಮುಂದಕ್ಕೆ ಹೋಗುತ್ತಾರೆ. 150 ವರ್ಷ ಎಂದು ಹೇಗೆ ಗೊತ್ತಾಯಿತು ಎಂಬುದಿಲ್ಲ, ಯಾರ ಮನೆಯಿಂದ ಬಂತು ಎಂಬುದಿಲ್ಲ, ‘ಗುಡ್’ ಎಂದರೆ ಏನು ಎಂಬುದೂ ಇಲ್ಲ. ಹೊಸ ಫೋನನ್ನಾದರೆ ಮಾಡೆಲ್ ಹೆಸರು ನೋಡಿ ಕೊಳ್ಳಬಹುದು. ಜಗತ್ತಿನಲ್ಲಿ ಒಂದೇ ಇರುವ ವಸ್ತುವಿಗೆ ಮಾರುವವರು ಬರೆದ ವಿವರವೇ ಕೊಳ್ಳುವವರ ಕಣ್ಣು. ಆ ವಿವರದಲ್ಲಿ ಎರಡು ಭಾಗ ಗಟ್ಟಿಯಾಗಿರಬೇಕು: ಒಡೆತನದ ಚರಿತ್ರೆ ಮತ್ತು ಸ್ಥಿತಿಯ ಟಿಪ್ಪಣಿ.

## ಮೊದಲು ಅದು ಚಿತ್ರವೋ, ಮುದ್ರಣವೋ?

ವಿವರ ಬರೆಯಲು ಕೂರುವ ಮೊದಲೇ ತೀರ್ಮಾನವಾಗಬೇಕಾದ ಪ್ರಶ್ನೆ ಇದು. ನಮ್ಮ ಮನೆಗಳಲ್ಲಿ ‘ಹಳೇ ಪೇಂಟಿಂಗ್’ ಎನಿಸಿಕೊಳ್ಳುವ ಎಷ್ಟೋ ದೇವರ ಪಟಗಳು ಕಲ್ಲಚ್ಚಿನ ಮುದ್ರಣಗಳು. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದ ಮೇಲೆ ಇಂಥ ಪಟಗಳು ಮನೆಮನೆಗೂ ಬಂದವು. ಮುದ್ರಿತ ಪಟಕ್ಕೆ ಜರಿ, ಬಟ್ಟೆ, ಚಮಕಿ ಅಂಟಿಸಿ ಸಿಂಗರಿಸುವ ರೂಢಿಯೂ ಇತ್ತು. ಹಾಗಾಗಿ ಉಬ್ಬು ಅಲಂಕಾರ ಕಂಡಿತೆಂದು ಕೈಬರಹದ ಚಿತ್ರವೆಂದುಕೊಳ್ಳುವಂತಿಲ್ಲ.

ಪರೀಕ್ಷೆಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಸಾಕು. ಚಿನಿವಾರರು ಕಣ್ಣಿಗಿಟ್ಟುಕೊಳ್ಳುವ ಲೂಪ್ ಅದೇ. ದೇವರ ಕೆನ್ನೆ, ಕೈಗಳಂಥ ನುಣುಪು ಜಾಗವನ್ನು ನೋಡಿ. ಸಾಲಾಗಿ, ಒಂದೇ ಅಳತೆಯಲ್ಲಿ ಚುಕ್ಕಿಗಳು ಹೂವಿನಂತೆ ಜೋಡಣೆಯಾಗಿದ್ದರೆ ಅದು ಇತ್ತೀಚಿನ ಆಫ್‌ಸೆಟ್ ಮುದ್ರಣ. ಚುಕ್ಕಿಗಳು ಅಡ್ಡಾದಿಡ್ಡಿಯಾಗಿ, ಬೇರೆ ಬೇರೆ ಗಾತ್ರದಲ್ಲಿದ್ದರೆ ಹಳೆಯ ಕಲ್ಲಚ್ಚು. ಚುಕ್ಕಿಯೇ ಇಲ್ಲದೆ ಕುಂಚದ ಗೆರೆ ದಪ್ಪವಾಗಿ ಶುರುವಾಗಿ ಸಣ್ಣದಾಗಿ ಮುಗಿಯುತ್ತಿದ್ದರೆ, ಬಣ್ಣ ಗೆರೆ ದಾಟಿ ಅಲ್ಲಲ್ಲಿ ಹರಡಿದ್ದರೆ ಅದು ಕೈಯಿಂದ ಬರೆದದ್ದು. ಹಳೆಯ ಕಲ್ಲಚ್ಚಿಗೂ ಕೊಳ್ಳುವವರಿದ್ದಾರೆ. ಆದರೆ ಅದನ್ನು ಮುದ್ರಣ ಎಂದೇ ಹೇಳಿ ಮಾರಬೇಕು.

ಕೈಬರಹವೆಂದು ಖಚಿತವಾದ ಮೇಲೆ ಶೈಲಿ. ಮೈಸೂರು ಚಿತ್ರದಲ್ಲಿ ಉಬ್ಬು ಕೆಲಸ, ಅಂದರೆ ಸಫೇದ ಪುಡಿ ಮತ್ತು ಅಂಟು ಕಲಸಿ ಬಳಿದು ಮೇಲೆ ಚಿನ್ನದ ಹಾಳೆ ಕೂರಿಸುವ ಗೆಸ್ಸೊ, ಸಾಮಾನ್ಯವಾಗಿ ಬಹಳ ತೆಳು. ಒಡವೆಯ ಗೆರೆಗಳನ್ನು ಅದರಲ್ಲೇ ಬಿಡಿಸಿರುತ್ತಾರೆ. ತಂಜಾವೂರು ಚಿತ್ರದಲ್ಲಿ ಉಬ್ಬು ದಪ್ಪ, ನಡುನಡುವೆ ಗಾಜು, ಕಲ್ಲು ಕೂರಿಸಿರುತ್ತಾರೆ. ಸಂದೇಹವಿದ್ದರೆ ‘ದಕ್ಷಿಣ ಭಾರತದ ಸಾಂಪ್ರದಾಯಿಕ ಚಿತ್ರ’ ಎಂದಷ್ಟೇ ಬರೆದರೂ ನಷ್ಟವಿಲ್ಲ. ಹೆಸರು ತಪ್ಪಿದರೆ ಮಾತ್ರ ಉಳಿದ ವಿವರವನ್ನೂ ಯಾರೂ ನಂಬುವುದಿಲ್ಲ.

## ಒಡೆತನದ ಚರಿತ್ರೆ ಎಂದರೆ

ಕಲಾ ಮಾರುಕಟ್ಟೆಯಲ್ಲಿ ಪ್ರಾವೆನನ್ಸ್ ಎನ್ನುವುದು ಇದನ್ನೇ: ವಸ್ತು ಯಾರ ಕೈಯಲ್ಲಿ ಹುಟ್ಟಿತು, ಆಮೇಲೆ ಯಾರ ಯಾರ ಕೈ ದಾಟಿ ಈಗಿನವರ ಬಳಿ ಬಂತು, ಅದಕ್ಕೆ ಆಧಾರವೇನು. ಸೈಟು ಕೊಳ್ಳುವಾಗ ಮೂಲಪತ್ರ, ಪಾಲುಪಟ್ಟಿ, ಇ.ಸಿ. ಜೋಡಿಸಿ ನೋಡುತ್ತೇವಲ್ಲ, ಲೆಕ್ಕ ಅದೇ. ಒಂದು ಕೊಂಡಿ ಇಲ್ಲದಿದ್ದರೆ ಸೈಟು ಕೆಟ್ಟದ್ದೆಂದು ಅರ್ಥವಲ್ಲ. ಆ ಜಾಗ ಖಾಲಿ ಇದೆ ಎಂಬುದು ಕೊಳ್ಳುವವರಿಗೆ ಗೊತ್ತಿರಬೇಕು, ಅಷ್ಟೆ.

ಇದು ಎರಡು ಕಾರಣಕ್ಕೆ ಮುಖ್ಯ. ಒಂದು, ಅಸಲಿಯೋ ನಕಲಿಯೋ ಎಂಬುದಕ್ಕೆ ಬಣ್ಣ, ಗೆರೆಗಳಷ್ಟೇ ಬಲವಾದ ಸಾಕ್ಷಿ ಇದರಲ್ಲಿ ಸಿಗುತ್ತದೆ. ಇನ್ನೊಂದು, ಕಳವು. ದೇವಸ್ಥಾನ, ಮಠಗಳಿಂದ ಕದ್ದ ವಸ್ತುಗಳು ಮಾರುಕಟ್ಟೆಗೆ ಬರುವಾಗ ‘ಹಳೆಯ ಮನೆತನದ್ದು’ ಎಂಬ ಮಾತನ್ನೇ ಹೊದ್ದುಕೊಂಡು ಬರುತ್ತವೆ. ಕಳುವಾದ ಕಲಾವಸ್ತುಗಳ ಪಟ್ಟಿಯನ್ನು ಇಂಟರ್‌ಪೋಲ್ ಇಟ್ಟಿದೆ; ಅದರ ID-Art ಎಂಬ ಆ್ಯಪ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. ಜಾಗ್ರತೆಯ ಕೊಳ್ಳುಗರು ಹುಡುಕಿಯೇ ಹಣ ಕೊಡುತ್ತಾರೆ.

ಬರೆಯುವಾಗ ಮೂರು ಬಗೆಯ ಮಾತುಗಳನ್ನು ಬೇರೆ ಬೇರೆಯಾಗಿಡಬೇಕು. ಕಾಗದ ಅಥವಾ ಫೋಟೊ ತೋರಿಸಿ ಹೇಳಬಹುದಾದದ್ದು ಮೊದಲನೆಯದು. ಮನೆಯವರ ಬಾಯಿಮಾತು ಎರಡನೆಯದು. ನೋಡಿ ಮಾಡಿದ ಅಂದಾಜು ಮೂರನೆಯದು. ‘ಅರಮನೆಯ ಚಿತ್ರಗಾರರು ಬರೆದದ್ದು’ ಎಂದು ಅಜ್ಜಿ ಹೇಳುತ್ತಿದ್ದರೆ ಅದನ್ನು ಬಿಡಬೇಕಿಲ್ಲ. ‘ಮನೆಯಲ್ಲಿ ಹಾಗೆ ಹೇಳುತ್ತಿದ್ದರು, ದಾಖಲೆ ಇಲ್ಲ’ ಎಂದು ಸೇರಿಸಿ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಚಿತ್ರಗಾರರಿದ್ದದ್ದು ನಿಜ. ಹಾಗೆಂದು ಮೈಸೂರಿನ ಪ್ರತಿಯೊಂದು ಹಳೆಯ ಚಿತ್ರವೂ ಅರಮನೆಯದಾಗುವುದಿಲ್ಲ. ಜಾಹೀರಾತುಗಳಲ್ಲಿ ಅರಮನೆ ಎಂಬ ಪದ ಸವೆದುಹೋಗುವಷ್ಟು ಬಳಕೆಯಾಗಿದೆ, ಆಧಾರವಿಲ್ಲದೆ ಬರೆದರೆ ಅದು ಅನುಮಾನವನ್ನೇ ಹುಟ್ಟಿಸುತ್ತದೆ.

## ಚಿತ್ರದ ಬೆನ್ನು ಓದುವುದು

ಆಧಾರ ಹುಡುಕಲು ಹೊರಟವರು ಮೊದಲು ಚಿತ್ರವನ್ನು ತಿರುಗಿಸಬೇಕು. ಮುಂಭಾಗದಲ್ಲಿ ಶತಮಾನದ ಹಿಂದಿನ ಶೈಲಿಯನ್ನು ಇಂದೂ ಬರೆಯಬಹುದು. ಬೆನ್ನಿನ ಮೇಲೆ ಕೂತ ಕಾಲ ಸುಲಭಕ್ಕೆ ಬರುವುದಿಲ್ಲ. ಮೇಜಿನ ಮೇಲೆ ಮೆತ್ತನೆಯ ಹೊದಿಕೆ ಹಾಸಿ, ಮುಂದೆ ಗಾಜಿದ್ದರೆ ಮಾತ್ರ ಮಗುಚಿ ಮಲಗಿಸಿ. ಗಾಜಿಲ್ಲದಿದ್ದರೆ ನಿಲ್ಲಿಸಿಕೊಂಡೇ ನೋಡಿ, ಇಲ್ಲವಾದರೆ ಸಡಿಲಾದ ಗೆಸ್ಸೊ ಒತ್ತಿ ಉದುರುತ್ತದೆ.

ಕಟ್ಟು ಹಾಕಿದ ಅಂಗಡಿಯ ಚೀಟಿ ಇದ್ದರೆ ವಿಳಾಸ ಓದಿ. ಆರಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಚೀಟಿಯಲ್ಲಿ ಪಿನ್ ಇದ್ದರೆ ಅದು ಆಮೇಲಿನದು. ‘ಮೈಸೂರು ರಾಜ್ಯ’ ಎಂದಿದ್ದರೆ, 1973ರ ನವೆಂಬರ್ 1ರಂದು ಹೆಸರು ಕರ್ನಾಟಕವಾಗುವುದಕ್ಕೆ ಮುಂಚೆ ಅಚ್ಚಾದ ಚೀಟಿ. ಪೆನ್ಸಿಲ್ಲಿನಲ್ಲಿ ಆಣೆ ಲೆಕ್ಕದ ಬೆಲೆ ಗೀಚಿದ್ದರೆ ಅದು 1957ರ ಏಪ್ರಿಲ್‌ನಲ್ಲಿ ಪೈಸೆ ಬರುವುದಕ್ಕೆ ಹಿಂದಿನದಿರಬೇಕು, ಅಥವಾ ಹಳೆಯ ಲೆಕ್ಕ ಬಿಡದ ಅಂಗಡಿಯವರ ಕೈಬರಹವಿರಬೇಕು. ಬೆನ್ನಿಗೆ ಹಳೆಯ ಪತ್ರಿಕೆ ಅಂಟಿಸಿದ್ದರೆ ಅದರ ತಾರೀಖನ್ನು ಮಸೂರ ಹಿಡಿದು ಹುಡುಕಿ.

ಎಲ್ಲರೂ ಎಡವುವುದು ಇಲ್ಲೇ. 1938ರ ಪತ್ರಿಕೆ ಅಂಟಿದೆ ಎಂದರೆ ಚಿತ್ರ 1938ರದ್ದು ಎಂದಲ್ಲ. ಆ ಕಟ್ಟು 1938ಕ್ಕಿಂತ ಮೊದಲು ಹಾಕಿದ್ದಲ್ಲ ಎಂದಷ್ಟೇ. ಹಳೆಯ ಚಿತ್ರಕ್ಕೆ ಹೊಸ ಕಟ್ಟು ಹಾಕಿಸಿರಬಹುದು. ರದ್ದಿಯಲ್ಲಿದ್ದ ಹಳೆಯ ಪತ್ರಿಕೆಯನ್ನು ಹತ್ತು ವರ್ಷದ ಮೇಲೆ ಅಂಟಿಸಿರಲೂಬಹುದು. ಇದು ಕಾಲದ ಒಂದು ತುದಿ. ಇನ್ನೊಂದು ತುದಿ ಸಿಗುವುದು ಸಾಮಾನ್ಯವಾಗಿ ಮನೆಯ ಆಲ್ಬಮಿನಲ್ಲಿ. ಮದುವೆ, ನಾಮಕರಣದ ಗುಂಪು ಫೋಟೊದ ಹಿಂದಿನ ಗೋಡೆಯಲ್ಲಿ ಇದೇ ಚಿತ್ರ ಕಂಡರೆ, ಆ ಹೊತ್ತಿಗೆ ಅದು ಆ ಮನೆಯಲ್ಲಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಜೊತೆಗೆ ಲಗ್ನಪತ್ರಿಕೆ ಸಿಕ್ಕರೆ ತಾರೀಖೂ ಸಿಕ್ಕಿತು. ಪಾಲುಪಟ್ಟಿ, ವಿಲ್, ಹಳೆಯ ಕಾಗದಗಳಲ್ಲಿ ಚಿತ್ರದ ಪ್ರಸ್ತಾಪವಿದ್ದರೆ ಆ ಪುಟದ ಫೋಟೊ ತೆಗೆದಿಡಿ. ಮನೆಯವರ ಹೆಸರು, ವಿಳಾಸವನ್ನು ಮುಚ್ಚಿ ತೋರಿಸಬಹುದು, ಮೂಲ ಕಾಗದ ಕೊಳ್ಳುವವರಿಗೆ ಮಾತ್ರ.

ಬೆನ್ನಿನ ಕಾಗದ, ಚೀಟಿ, ತುಕ್ಕು ಹಿಡಿದ ಮೊಳೆ ಯಾವುದನ್ನೂ ಕೀಳಬೇಡಿ. ಚೆಂದ ಕಾಣಲೆಂದು ಹೊಸ ಕಟ್ಟು ಹಾಕಿಸಿ ಹಳೆಯದನ್ನು ಒಲೆಗೆ ಹಾಕಿದವರು ಸಾಕ್ಷಿಯನ್ನೇ ಸುಟ್ಟಂತೆ.

## ಸ್ಥಿತಿ: ನೋಡುವ ಕ್ರಮ

‘ಚೆನ್ನಾಗಿದೆ’ ಎಂಬುದು ಅಭಿಪ್ರಾಯ. ಸ್ಥಿತಿಯ ಟಿಪ್ಪಣಿಯಲ್ಲಿ ಬೇಕಿರುವುದು ಏನಾಗಿದೆ, ಎಲ್ಲಿ, ಎಷ್ಟು ದೊಡ್ಡದು ಎಂಬ ಮೂರು ಸಂಗತಿ. ಅದಕ್ಕೆ ಮೊದಲು ಸರಿಯಾಗಿ ನೋಡಬೇಕು.

ಮೈಸೂರು ಚಿತ್ರದಲ್ಲಿ ಹಲಗೆಯ ಮೇಲೆ ಬಟ್ಟೆ ಅಥವಾ ಕಾಗದ, ಅದರ ಮೇಲೆ ಬಿಳಿಯ ತಳ, ಆಮೇಲೆ ಬಣ್ಣ, ಗೆಸ್ಸೊ, ಚಿನ್ನ ಹೀಗೆ ಪದರಗಳಿವೆ. ಮಳೆಗಾಲದಲ್ಲಿ ಮರ ತೇವ ಕುಡಿದು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮೇಲಿನ ಪದರಗಳು ಅಷ್ಟು ಬಾಗಲಾರವು. ಹಾಗಾಗಿ ಬಿರುಕುಗಳು ಬಹುಮಟ್ಟಿಗೆ ಮರದ ಎಳೆಯ ದಿಕ್ಕಿನಲ್ಲೇ ಉದ್ದುದ್ದ ಏಳುತ್ತವೆ, ಗೆಸ್ಸೊ ತಳ ಬಿಟ್ಟು ಮೇಲೇಳುತ್ತದೆ.

ಮೇಲೆದ್ದ ಗೆಸ್ಸೊ ನೇರ ಬೆಳಕಿನಲ್ಲಿ ಕಾಣುವುದೇ ಇಲ್ಲ. ರಾತ್ರಿ ಕೋಣೆಯ ದೀಪ ಆರಿಸಿ, ಚಿತ್ರವನ್ನು ಮಲಗಿಸಿ, ಟಾರ್ಚನ್ನು ಒಂದು ಪಕ್ಕದಿಂದ ಹೆಚ್ಚುಕಡಿಮೆ ಚಿತ್ರದ ಮಟ್ಟದಲ್ಲೇ ಹಿಡಿಯಿರಿ. ಎದ್ದ ಚೂರುಗಳು ಉದ್ದನೆಯ ನೆರಳು ಬೀಳಿಸುತ್ತವೆ. ಹಲಗೆ ಬಾಗಿದ್ದರೂ ಗೊತ್ತಾಗುತ್ತದೆ. ನಾಲ್ಕೂ ಪಕ್ಕದಿಂದ ಹೀಗೆ ನೋಡಿ. ಬೆರಳಿನಿಂದ ಒತ್ತಿ ಪರೀಕ್ಷಿಸಬೇಡಿ.

ಆಮೇಲೆ ತೇಪೆ. ಬಣ್ಣ ಹೋದ ಜಾಗಕ್ಕೆ ಯಾರೋ ಆಮೇಲೆ ಬಣ್ಣ ಹಚ್ಚಿರುತ್ತಾರೆ. ನೋಟು ಪರೀಕ್ಷಿಸುವ ಬಗೆಯ ನೇರಳಾತೀತ ಟಾರ್ಚನ್ನು ಕತ್ತಲೆಯಲ್ಲಿ ಹಾಯಿಸಿದರೆ ಹಳೆಯ ಮತ್ತು ಹೊಸ ಬಣ್ಣ ಬೇರೆ ಬೇರೆಯಾಗಿ ಹೊಳೆಯುವುದುಂಟು, ತೇಪೆ ಕಪ್ಪು ಮಚ್ಚೆಯಾಗಿ ಕಾಣುವುದು ಹೆಚ್ಚು. ಚಿನ್ನದಲ್ಲೂ ಹಾಗೇ: ಅಸಲಿ ಹಾಳೆ ಬಣ್ಣಗೆಡುವುದಿಲ್ಲ, ಉದುರಬಹುದು, ಹೊಗೆಯಿಂದ ಮಂಕಾಗಬಹುದು. ಕಂದುಹಸಿರಿಗೆ ತಿರುಗಿದ ‘ಚಿನ್ನ’ ಕಂಡರೆ ಅದು ಹಿತ್ತಾಳೆ ಪುಡಿಯ ಬಣ್ಣವಿರಬೇಕು. ಹಾಗಿದ್ದರೆ ‘22 ಕ್ಯಾರೆಟ್’ ಎಂದು ಬರೆಯುವ ಉಮೇದು ಬಿಡಿ. ಪರೀಕ್ಷೆ ಮಾಡಿಸದೆ ಕ್ಯಾರೆಟ್ ಬರೆಯುವುದೇ ತಪ್ಪು.

ಹುಳುವಿನ ತೂತುಗಳನ್ನು ಕಂಡರೆ ಅದು ಹಳೆಯದೋ ಈಗಲೂ ನಡೆದಿದೆಯೋ ಎಂಬುದನ್ನು ತಿಳಿಯಬೇಕು. ಚಿತ್ರದ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಬಿಡಿ. ಹೊಸದಾಗಿ ನುಣ್ಣನೆಯ ಮರದ ಪುಡಿ ಬಿದ್ದರೆ ಹುಳು ಒಳಗಿದೆ. ಅಂಥದ್ದನ್ನು ಮಾರುವ ಮುನ್ನ ಸಂರಕ್ಷಣೆ ಬಲ್ಲವರಿಗೆ ತೋರಿಸಬೇಕು.

ಮನೆದೇವರ ಚಿತ್ರಗಳಿಗೆ ಮಾತ್ರ ಇರುವ ಒಂದು ಗುರುತು ಕುಂಕುಮ. ಶುಕ್ರವಾರ ಶುಕ್ರವಾರ ಹಣೆಗೆ, ಪಾದಕ್ಕೆ ಹಚ್ಚಿದ ಕುಂಕುಮ, ಗಂಧ ಬಣ್ಣದೊಳಗೆ ಇಳಿದಿರುತ್ತದೆ. ದೀಪದ ಮಸಿ ಕೆಳಭಾಗದಲ್ಲಿ ಕೂತಿರುತ್ತದೆ. ಅಳಿಸಲು ಹೋಗಬೇಡಿ. ಈ ಚಿತ್ರಗಳ ಬಣ್ಣ ಅಂಟಿನಲ್ಲಿ ಕಲಸಿದ್ದು, ಒದ್ದೆ ಬಟ್ಟೆ ತಾಗಿದರೆ ಎದ್ದು ಬರುತ್ತದೆ. ಎಣ್ಣೆ ಸವರಿದರೆ ಒಂದು ದಿನ ಹೊಳೆಯುತ್ತದೆ, ಆಮೇಲೆ ಆ ಜಾಗ ಶಾಶ್ವತವಾಗಿ ಕಪ್ಪಾಗಿ ದೂಳು ಹಿಡಿಯುತ್ತದೆ. ಮಾರುವ ಮುನ್ನ ‘ಸ್ವಲ್ಪ ಕ್ಲೀನ್ ಮಾಡೋಣ’ ಎಂದು ಹೊರಟವರಿಂದಲೇ ಬಹಳ ಚಿತ್ರಗಳು ಹಾಳಾಗುತ್ತವೆ. ಪೂಜೆಯಲ್ಲಿದ್ದ ಗುರುತನ್ನು ಇದ್ದ ಹಾಗೇ ಬರೆದರೆ ಅದು ಒಡೆತನದ ಚರಿತ್ರೆಗೂ ಸಾಕ್ಷಿಯಾಗುತ್ತದೆ.

## ಬರೆದರೆ ಹೀಗಿರುತ್ತದೆ

ಮೇಲೆ ಹೇಳಿದ ಪಟ್ಟಾಭಿಷೇಕದ ಚಿತ್ರವನ್ನೇ ಮಾದರಿಗೆ ತೆಗೆದುಕೊಳ್ಳೋಣ. ಬೆನ್ನಿನಲ್ಲಿ 1938ರ ಪತ್ರಿಕೆ, ಆಲ್ಬಮಿನಲ್ಲಿ 1941ರ ಮದುವೆಯ ಫೋಟೊ ಸಿಕ್ಕಿದೆ ಎಂದುಕೊಳ್ಳಿ.

> ಶ್ರೀರಾಮ ಪಟ್ಟಾಭಿಷೇಕ, ಮೈಸೂರು ಶೈಲಿ. ಹಲಗೆಗೆ ಅಂಟಿಸಿದ ಕಾಗದದ ಮೇಲೆ ಬಣ್ಣ, ಗೆಸ್ಸೊ, ಚಿನ್ನದ ಹಾಳೆ (ಕ್ಯಾರೆಟ್ ಪರೀಕ್ಷಿಸಿಲ್ಲ). ಚಿತ್ರ ಎತ್ತರ 46, ಅಗಲ 36 ಸೆಂ.ಮೀ.; ಕಟ್ಟು ಸೇರಿ 60 × 50 ಸೆಂ.ಮೀ. ಸಹಿ ಇಲ್ಲ, ಚಿತ್ರಗಾರರು ಯಾರೆಂದು ತಿಳಿದಿಲ್ಲ.
>
> ಕಾಲ: 1941ಕ್ಕೆ ಮೊದಲು. ಎಷ್ಟು ಮೊದಲು ಎಂಬುದಕ್ಕೆ ದಾಖಲೆ ಇಲ್ಲ.
>
> ಒಡೆತನ: ಮೈಸೂರಿನ ಒಂದು ಕುಟುಂಬದ ಮನೆಯಲ್ಲಿತ್ತು, 1941ರ ಮದುವೆಯ ಫೋಟೊದಲ್ಲಿ ಗೋಡೆಯ ಮೇಲೆ ಕಾಣುತ್ತದೆ (ಫೋಟೊ, ಲಗ್ನಪತ್ರಿಕೆ ಇವೆ). ಅಲ್ಲಿಂದ ಮಗಳಿಗೆ, ಅವರಿಂದ ಪಾಲುಪಟ್ಟಿಯ ಮೂಲಕ ಈಗ ಮಾರುತ್ತಿರುವವರಿಗೆ ಬಂದಿದೆ. ಆ ಕುಟುಂಬಕ್ಕೆ ಹೇಗೆ ಬಂತೆಂದು ಗೊತ್ತಿಲ್ಲ. ಅರಮನೆಯ ಚಿತ್ರಗಾರರದ್ದೆಂದು ಮನೆಯಲ್ಲಿ ಹೇಳುತ್ತಿದ್ದರು, ಆಧಾರವಿಲ್ಲ.
>
> ಸ್ಥಿತಿ (ಎಡ, ಬಲ ಎಂದರೆ ನೋಡುವವರ ಎಡ, ಬಲ): ಕೆಳಗಿನ ಎಡಮೂಲೆಯಲ್ಲಿ 6 × 2 ಸೆಂ.ಮೀ. ನೀರಿನ ಕಲೆ, ಅಲ್ಲಿ ಬಣ್ಣ ಹರಡಿದೆ. ರಾಮನ ಕಿರೀಟದ ಬಲಬದಿಯಲ್ಲಿ 4 ಮಿ.ಮೀ. ಗೆಸ್ಸೊ ಉದುರಿ ಬಿಳಿಯ ತಳ ಕಾಣುತ್ತದೆ. ಅದರ ಸುತ್ತ ಸುಮಾರು 1 ಸೆಂ.ಮೀ. ಸಡಿಲವಾಗಿದೆ. ಮೇಲಿನಿಂದ ಕೆಳಕ್ಕೆ 11 ಸೆಂ.ಮೀ. ಉದ್ದದ ಕೂದಲೆಳೆ ಬಿರುಕು. ಸೀತೆಯ ಸೀರೆಯ ಅಂಚಿನಲ್ಲಿ 3 ಸೆಂ.ಮೀ. ಹಚ್ಚಿದ ತೇಪೆ ಬಣ್ಣ. ಹನುಮಂತನ ಹಣೆ, ರಾಮನ ಪಾದದಲ್ಲಿ ಕುಂಕುಮ. ಹಲಗೆಯ ಬೆನ್ನಿನಲ್ಲಿ 5 ಹುಳುತೂತು, ಮೂರು ವಾರ ನೋಡಿದರೂ ಹೊಸ ಪುಡಿ ಬೀಳಲಿಲ್ಲ. ಕಟ್ಟು ಹಳೆಯದು, ಬೆನ್ನಿನಲ್ಲಿ 1938ರ ಪತ್ರಿಕೆ. ಗಾಜು ಆಮೇಲೆ ಬದಲಾಯಿಸಿದ್ದು. ಚಿತ್ರವನ್ನು ಕಟ್ಟಿನಿಂದ ಹೊರತೆಗೆದು ನೋಡಿಲ್ಲ.

ಕೊನೆಯ ವಾಕ್ಯವನ್ನು ಗಮನಿಸಿ. ಅಂಚಿನಡಿ ಏನಿದೆಯೋ ನೋಡದೆ ‘ಬೇರೆ ದೋಷವಿಲ್ಲ’ ಎಂದು ಬರೆಯುವಂತಿಲ್ಲ. ಎಡ-ಬಲದ ಮಾತು ಸಣ್ಣದೆನಿಸಬಹುದು. ರಾಮನ ಬಲಗೈ ನೋಡುವವರ ಎಡಕ್ಕಿರುತ್ತದೆ, ಜಗಳಗಳು ಇಂಥಲ್ಲೇ ಹುಟ್ಟುತ್ತವೆ. ದೋಷ ಬರೆದರೆ ಬೆಲೆ ಇಳಿಯುತ್ತದೆಂಬ ಭಯ ಎಲ್ಲರಿಗೂ ಇದೆ. ಆದರೆ ಬರೆಯದ ದೋಷ ಪಾರ್ಸಲ್ ಬಿಚ್ಚಿದಾಗ ಕಂಡೇ ಕಾಣುತ್ತದೆ. ಆಗ ಅದು ಹಳೆಯದೋ ಸಾಗಣೆಯಲ್ಲಿ ಆದದ್ದೋ ಎಂದು ತೋರಿಸಲು ಮಾರಿದವರ ಕೈಯಲ್ಲಿ ಏನೂ ಇರುವುದಿಲ್ಲ.

## ಫೋಟೊಗಳು

ಟಿಪ್ಪಣಿಯ ಪ್ರತಿ ಸಾಲಿಗೂ ಒಂದು ಫೋಟೊ ಇರಬೇಕು. ಪೂರ್ತಿ ಮುಂಭಾಗ, ಪೂರ್ತಿ ಬೆನ್ನು, ನಾಲ್ಕು ಮೂಲೆ, ಚೀಟಿ, ಒಂದೊಂದು ದೋಷದ ಪಕ್ಕದಲ್ಲಿ ಸ್ಕೇಲು ಇಟ್ಟದ್ದು, ಪಕ್ಕದ ಬೆಳಕಿನಲ್ಲಿ ತೆಗೆದದ್ದು ಒಂದು. ಬಿಸಿಲು ಬೀಳದ ಜಗಲಿಯ ಬೆಳಕು ಸಾಕು; ಫ್ಲ್ಯಾಶ್ ಹಾಕಿದರೆ ಚಿನ್ನ ಬೆಳ್ಳಗೆ ಸುಟ್ಟಂತೆ ಕಾಣುತ್ತದೆ. ಫಿಲ್ಟರ್ ಬೇಡ. ಗಾಜಿನ ಪ್ರತಿಬಿಂಬ ತಪ್ಪಿಸಲು ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಹಿಡಿಸಿ. ಗಾಜು ತೆಗೆಯಲು ಹೋಗಬೇಡಿ: ತೇವಕ್ಕೆ ಬಣ್ಣ ಗಾಜಿಗೆ ಅಂಟಿಕೊಂಡಿದ್ದರೆ ಗಾಜಿನ ಜೊತೆಗೆ ಅದೂ ಎದ್ದು ಬರುತ್ತದೆ.

## ನೂರು ವರ್ಷದ ಗೆರೆ

ಭಾರತದಲ್ಲಿ ನೂರು ವರ್ಷಕ್ಕೆ ಕಡಿಮೆಯಿಲ್ಲದ ಚಿತ್ರ, ಶಿಲ್ಪ ಮುಂತಾದವು 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯಡಿ ‘ಪುರಾತನ ವಸ್ತು’. ಹಸ್ತಪ್ರತಿಗಳಿಗೆ ಈ ಮಿತಿ 75 ವರ್ಷ. 1976ರಿಂದ ಜಾರಿಯಲ್ಲಿರುವ ಈ ಕಾಯ್ದೆಯ ಪ್ರಕಾರ ಚಿತ್ರಗಳು ನೋಂದಣಿ ಮಾಡಿಸಬೇಕಾದ ವರ್ಗದಲ್ಲಿವೆ. ಫೋಟೊಗಳ ಸಮೇತ ನೋಂದಣಾಧಿಕಾರಿಗೆ ಅರ್ಜಿ ಕೊಟ್ಟು ಪ್ರಮಾಣಪತ್ರ ಪಡೆಯಬೇಕು. ಒಡೆತನ ಬದಲಾದಾಗ ತಿಳಿಸಬೇಕು. ಇಂಥ ವಸ್ತುಗಳ ವ್ಯಾಪಾರ ನಡೆಸುವವರಿಗೆ ಪರವಾನಗಿ ಕಡ್ಡಾಯ.

ಹೀಗಾಗಿ ‘150 ವರ್ಷ’ ಎಂದು ಹೆಮ್ಮೆಯಿಂದ ಬರೆದವರು, ನೋಂದಣಿಯಿಲ್ಲದ ಪುರಾತನ ವಸ್ತುವನ್ನು ಮಾರುತ್ತಿದ್ದೇನೆಂದು ತಾವೇ ಸಾರಿದಂತೆ. ಕಾನೂನಿಗೆ ಹೆದರಿ ‘90 ವರ್ಷ’ ಎಂದು ಇಳಿಸಿ ಬರೆಯುವುದೂ ಸುಳ್ಳೇ. ನಮ್ಮ ಮಾದರಿಯ ಚಿತ್ರ 1941ಕ್ಕೆ ಮೊದಲಿನದು, ನೂರು ದಾಟಿರಲೂಬಹುದು. ಇಂಥ ಗಡಿಯ ಮೇಲಿನ ವಸ್ತುವನ್ನು ಜಾಹೀರಾತಿಗೆ ಮುಂಚೆ ಪುರಾತತ್ತ್ವ ಇಲಾಖೆಗೆ ತೋರಿಸಿ ತೀರ್ಮಾನ ಪಡೆಯುವುದೇ ಸರಿ.

ಅಮೆರಿಕದಲ್ಲಿರುವ ಕನ್ನಡಿಗರು ‘ಅಜ್ಜನ ಮನೆಯ ನೆನಪಿಗೆ ನಮಗೇ ಕಳಿಸಿ’ ಎಂದು ಕೇಳುವುದುಂಟು. ಪುರಾತನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಕಳಿಸುವಂತಿಲ್ಲ, ಕಳಿಸಿದರೆ ಜೈಲುಶಿಕ್ಷೆಯೂ ಇದೆ. ನೂರು ವರ್ಷವಾಗದ ಚಿತ್ರಕ್ಕೆ, ಅದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯಿಂದ ಪಡೆದು ಕಳಿಸಬಹುದು. ಇಲ್ಲವಾದರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ರವಿವರ್ಮನಂಥ ಕೆಲವರ ಮೂಲಚಿತ್ರಗಳು ಕಲಾನಿಧಿಗಳೆಂದು ಘೋಷಿತವಾಗಿವೆ, ಅವಕ್ಕೆ ವಯಸ್ಸಿನ ಲೆಕ್ಕವೇ ಇಲ್ಲ. ಇದೇ ಮನೆಯಲ್ಲಿ ಬೀಟೆಮರದ ಹಳೆಯ ಕೆತ್ತನೆ ಪೆಟ್ಟಿಗೆ ಸಿಕ್ಕರೆ ಅದರೊಳಗೆ ಕೂರಿಸಿದ ಬಿಳಿಯ ಚೂರುಗಳನ್ನೂ ನೋಡಿ. ಮೈಸೂರಿನ ಹಳೆಯ ಕೆಲಸದಲ್ಲಿ ಆನೆದಂತ ಬಳಕೆಯಲ್ಲಿತ್ತು. ದಂತವಾಗಿದ್ದರೆ ವನ್ಯಜೀವಿ ಕಾಯ್ದೆಯ ಪ್ರಕಾರ ಅದನ್ನು ಮಾರುವಂತೆಯೇ ಇಲ್ಲ, ಎಷ್ಟೇ ಹಳೆಯದಾಗಿರಲಿ.

ವ್ಯವಹಾರ ಕುದುರಿದ ಮೇಲೆ ಸ್ಥಿತಿಯ ಟಿಪ್ಪಣಿಯನ್ನು ಎರಡು ಪ್ರತಿ ತೆಗೆದು ಇಬ್ಬರೂ ತಾರೀಖು ಹಾಕಿ ಸಹಿ ಮಾಡಿ. ಸಾಧ್ಯವಿದ್ದರೆ ಕೊಳ್ಳುವವರೇ ಬಂದು ಒಯ್ಯಲಿ. ಕೊರಿಯರ್ ಆದರೆ ಗಾಜಿನ ಮೇಲೆ ಅಡ್ಡಡ್ಡ ಟೇಪು ಹಚ್ಚಿ, ಒಡೆದರೂ ಚೂರು ಚಿತ್ರದ ಮೇಲೆ ಬೀಳದಂತೆ ಹಿಡಿಯುತ್ತದೆ. ಚಿತ್ರ ಸದಾ ಮುಖ ಮೇಲಾಗಿ ಮಲಗಿರುವಂತೆ ಮರದ ಪೆಟ್ಟಿಗೆ ಮಾಡಿಸಿ. ಮದುವೆಯ ಫೋಟೊದ ಪ್ರತಿ, ಪಾಲುಪಟ್ಟಿಯ ಆ ಪುಟ, ನೋಂದಣಿ ಇದ್ದರೆ ಅದರ ಪ್ರಮಾಣಪತ್ರ ಒಂದು ಲಕೋಟೆಯಲ್ಲಿ ಕೈಗೆ ಕೊಡಿ, ಚಿತ್ರದ ಬೆನ್ನಿಗೆ ಅಂಟಿಸಬೇಡಿ.